ಎಪ್ಪತ್ತು ವರ್ಷ ಬದುಕುತ್ತೇವೆ ಸರಿ, ಅದರಲ್ಲಿ ಚೆನ್ನಾಗಿರುವುದು ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಭಾರತದ ಸರಾಸರಿ ಆಯಸ್ಸು 70.8 ವರ್ಷ. ಅದೇ ಪಟ್ಟಿಯಲ್ಲಿ, ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ: 60.3. ಇದನ್ನು ಆರೋಗ್ಯವಂತ ಆಯಸ್ಸು ಎನ್ನುತ್ತಾರೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಹತ್ತೂವರೆ ವರ್ಷ ಉಳಿಯುತ್ತದೆ.

ನಮ್ಮ ಚಿಕ್ಕಪ್ಪ ಕೆಲಸದಿಂದ ನಿವೃತ್ತರಾದ ವರ್ಷವೇ ಈ ಅಂಕಿಯನ್ನು ಎಲ್ಲೋ ಓದಿ ನನಗೆ ಫೋನ್ ಮಾಡಿದ್ದರು. “ಅರವತ್ತಕ್ಕೆ ಆರೋಗ್ಯ ಮುಗೀತು ಅಂತಾನಾ ಇದರರ್ಥ? ಇನ್ನು ಹತ್ತು ವರ್ಷ ಬರೀ ಆಸ್ಪತ್ರೆ, ಮಾತ್ರೆ ಅಂತಾನಾ?” ಅವರ ದನಿಯಲ್ಲಿ ನಿಜವಾದ ಗಾಬರಿ ಇತ್ತು. ಜನಸಂಖ್ಯೆಯ ಲೆಕ್ಕಗಳ ಜೊತೆ ಬಹಳ ಕಾಲದಿಂದ ಒಡನಾಟ ಇರುವುದರಿಂದ ನನಗೆ ಉತ್ತರ ಗೊತ್ತಿತ್ತು: ಖಂಡಿತ ಅಲ್ಲ. ಆದರೆ ಫೋನಿನಲ್ಲಿ ಅದನ್ನು ಬಿಡಿಸಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲು ಸರಾಸರಿ ಆಯಸ್ಸು ಅಂದರೆ ಏನು ಅಂತ ನೋಡೋಣ. ಅದು ಭವಿಷ್ಯ ಹೇಳುವುದಿಲ್ಲ. ಈ ವರ್ಷ ಯಾವ ವಯಸ್ಸಿನವರು ಎಷ್ಟು ಪ್ರಮಾಣದಲ್ಲಿ ಸತ್ತರು ಎಂಬ ಲೆಕ್ಕ ಸರ್ಕಾರದ ಬಳಿ ಇರುತ್ತದೆ. ಈಗ ಹುಟ್ಟಿದ ಒಂದು ಗುಂಪು ಮಕ್ಕಳು ತಮ್ಮ ಜೀವನದುದ್ದಕ್ಕೂ ಇದೇ ಪ್ರಮಾಣದಲ್ಲಿ ಸಾಯುತ್ತಾ ಹೋದರೆ, ಎಲ್ಲರೂ ಸೇರಿ ಒಟ್ಟು ಎಷ್ಟು ವರ್ಷ ಬದುಕುತ್ತಾರೆ ಅಂತ ಕೂಡಿಸುತ್ತಾರೆ. ಅದನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಆಯಸ್ಸು ಸಿಕ್ಕಿತು. ಈ ಲೆಕ್ಕದ ಹಾಳೆಗೆ ಲೈಫ್ ಟೇಬಲ್ ಅನ್ನುತ್ತಾರೆ.

ಇದರಲ್ಲಿ ಸಾವು ಮಾತ್ರ ಕಾಣುತ್ತದೆ. ಇಪ್ಪತ್ತು ವರ್ಷ ಹಾಸಿಗೆ ಹಿಡಿದವರೂ ಇಪ್ಪತ್ತು ವರ್ಷ ಹೊಲ ಉತ್ತವರೂ ಇಲ್ಲಿ ಒಂದೇ. ಈ ಕೊರತೆಯನ್ನು ತುಂಬಲು ಸುಲಭವಾದ ಒಂದು ದಾರಿಯನ್ನು 1971ರಲ್ಲಿ ಅಮೆರಿಕದ ಡೇನಿಯಲ್ ಸಲ್ಲಿವನ್ ತೋರಿಸಿದರು. ಅವರು ಅಲ್ಲಿನ ಆರೋಗ್ಯ ಅಂಕಿಅಂಶಗಳ ರಾಷ್ಟ್ರೀಯ ಕೇಂದ್ರದಲ್ಲಿದ್ದರು. ಇವತ್ತಿಗೂ ಜಗತ್ತಿನ ಹೆಚ್ಚಿನ ಲೆಕ್ಕಗಳು ಸಲ್ಲಿವನ್ ವಿಧಾನದ ಮೇಲೆಯೇ ನಿಂತಿವೆ. ಅದಕ್ಕೆ ಎರಡೇ ವಸ್ತು ಬೇಕು. ಒಂದು, ಲೈಫ್ ಟೇಬಲ್. ಇನ್ನೊಂದು, ಪ್ರತಿ ವಯಸ್ಸಿನಲ್ಲಿ ಆರೋಗ್ಯ ಕೆಟ್ಟವರು ನೂರಕ್ಕೆ ಎಷ್ಟು ಎಂಬ ಸಮೀಕ್ಷೆ.

ಒಂದು ಊರನ್ನು ಕಲ್ಪಿಸಿಕೊಳ್ಳಿ. ಅಲ್ಲಿ ನೂರು ಮಕ್ಕಳು ಹುಟ್ಟಿದರು. ಅಂಕಿಗಳು ನಾನೇ ಇಟ್ಟುಕೊಂಡವು, ಆದರೆ ನಮ್ಮ ದೇಶದ ಪರಿಸ್ಥಿತಿಗೆ ತೀರಾ ದೂರವಲ್ಲ. ಮೊದಲ ಇಪ್ಪತ್ತು ವರ್ಷದಲ್ಲಿ ಈ ನೂರು ಮಂದಿ ಒಟ್ಟು 1,940 ವರ್ಷ ಬದುಕಿದರು. ಯಾರೂ ಸಾಯದಿದ್ದರೆ 2,000 ಆಗಬೇಕಿತ್ತು. ಎಳೆ ವಯಸ್ಸಿನಲ್ಲೇ ಮೂರ್ನಾಲ್ಕು ಮಕ್ಕಳು ಹೋದದ್ದರಿಂದ ಅಷ್ಟು ಕಮ್ಮಿಯಾಯಿತು. ಹೀಗೇ ಮುಂದಿನ ವಯಸ್ಸುಗಳು:

| ವಯಸ್ಸು | ಒಟ್ಟು ಬದುಕಿದ ವರ್ಷ | ತೊಂದರೆ ಇರುವವರು (ಶೇ.) | ಕಳೆದುಹೋದ ವರ್ಷ |
|---|---|---|---|
| 0–20 | 1,940 | 5 | 97 |
| 20–40 | 1,900 | 5 | 95 |
| 40–60 | 1,780 | 10 | 178 |
| 60–80 | 1,240 | 25 | 310 |
| 80 ದಾಟಿದ ಮೇಲೆ | 240 | 50 | 120 |
| ಒಟ್ಟು | 7,100 | | 800 |

ಎರಡನೇ ಕಾಲಂ ಕೂಡಿದರೆ 7,100. ನೂರರಿಂದ ಭಾಗಿಸಿ: ಸರಾಸರಿ ಆಯಸ್ಸು 71. ಈಗ ಸಲ್ಲಿವನ್ ಹೇಳಿದ ಹಾಗೆ, ಪ್ರತಿ ಸಾಲಿನಲ್ಲೂ ತೊಂದರೆಯಲ್ಲಿ ಕಳೆದ ವರ್ಷಗಳನ್ನು ಎತ್ತಿ ಪಕ್ಕಕ್ಕಿಡಿ. ಒಟ್ಟು 800 ಆಯಿತು. ಉಳಿದದ್ದು 6,300. ನೂರರಿಂದ ಭಾಗಿಸಿದರೆ 63. ಇದೇ ಆ ಊರಿನ ಆರೋಗ್ಯವಂತ ಆಯಸ್ಸು. ವಿಧಾನ ಇಷ್ಟೇ, ಇದಕ್ಕಿಂತ ದೊಡ್ಡ ಗುಟ್ಟೇನೂ ಇಲ್ಲ.

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರೋಣ. 71ಕ್ಕೂ 63ಕ್ಕೂ ಎಂಟು ವರ್ಷದ ಅಂತರ. ಆ ಎಂಟು ವರ್ಷ ಕೊನೆಗೆ ಬಂದು ಕೂತಿದೆಯೇ? ಕೊನೆಯ ಕಾಲಂ ನೋಡಿ. ಕಳೆದುಹೋದ 800 ವರ್ಷಗಳಲ್ಲಿ 370 ವರ್ಷ ಅರವತ್ತಕ್ಕೆ ಮುಂಚೆಯೇ ಹೋಗಿದೆ. ಹೆಚ್ಚುಕಮ್ಮಿ ಅರ್ಧ! ವಯಸ್ಸಾದವರಲ್ಲಿ ತೊಂದರೆಯ ಪ್ರಮಾಣ ಜಾಸ್ತಿ, ನಿಜ. ಆದರೆ ಚಿಕ್ಕವರು, ನಡುವಯಸ್ಸಿನವರು ಸಂಖ್ಯೆಯಲ್ಲಿ ಜಾಸ್ತಿ. ಅವರ ಬೆನ್ನುನೋವು, ಅವರ ಖಿನ್ನತೆ, ಅವರ ರಕ್ತಹೀನತೆ ಎಲ್ಲ ಸೇರಿ ಇಷ್ಟಾಗುತ್ತದೆ.

ಇನ್ನೊಂದು ಲೆಕ್ಕವನ್ನೂ ಮಾಡಬಹುದು. ಈ ಊರಿನ ನೂರರಲ್ಲಿ 83 ಮಂದಿ ಅರವತ್ತು ಮುಟ್ಟಿದರು ಅಂದುಕೊಳ್ಳಿ. ಅರವತ್ತರ ನಂತರ ಅವರೆಲ್ಲ ಸೇರಿ ಬದುಕುವುದು 1,480 ವರ್ಷ. ಅಂದರೆ ತಲಾ ಸುಮಾರು 17.8 ವರ್ಷ. ಅದರಲ್ಲಿ ತೊಂದರೆಯ 430 ವರ್ಷ ತೆಗೆದರೆ ತಲಾ 12.7 ವರ್ಷ ಉಳಿಯುತ್ತದೆ. ಅರವತ್ತು ದಾಟಿದ ಚಿಕ್ಕಪ್ಪ ನೋಡಬೇಕಾದ್ದು ಹುಟ್ಟಿದ ಮಗುವಿನ 63 ಎಂಬ ಅಂಕಿಯನ್ನಲ್ಲ. ಅವರಿಗೆ ಬೇಕಾದ ಅಂಕಿ ಈ ಹನ್ನೆರಡು ಮುಕ್ಕಾಲು ವರ್ಷ. 63 ಎಂಬುದು ಆರೋಗ್ಯ ಕೆಡುವ ವಯಸ್ಸೇ ಅಲ್ಲ. ನೂರು ಬದುಕುಗಳ ಒಳ್ಳೆಯ ವರ್ಷಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ ಸಮನಾಗಿ ಹಂಚಿದಾಗ ಬಂದ ಪಾಲು ಅದು.

ಇಲ್ಲಿಯವರೆಗೆ ‘ತೊಂದರೆ’ ಅಂತ ಸುಮ್ನೆ ಒಂದು ಪದ ಬಳಸುತ್ತಾ ಬಂದೆ. ಯಾವುದು ತೊಂದರೆ, ಅದನ್ನು ಯಾರು ಹೇಳಿದರು? ಇಡೀ ಲೆಕ್ಕದ ಜೀವಾಳ ಇಲ್ಲಿದೆ.

ನಮ್ಮ ದೊಡ್ಡಮ್ಮನಿಗೆ ಎಪ್ಪತ್ತನಾಲ್ಕು. “ನಿಮಗೆ ಅಂಗವೈಕಲ್ಯ ಇದೆಯಾ?” ಅಂತ ಯಾರಾದರೂ ಕೇಳಿದರೆ “ಅಯ್ಯೋ, ದೇವರು ಚೆನ್ನಾಗಿಟ್ಟಿದ್ದಾನೆ” ಅನ್ನುತ್ತಾರೆ. “ಸ್ನಾನಕ್ಕೆ, ಎದ್ದು ಕೂರಲು, ಬಚ್ಚಲಿಗೆ ಹೋಗಲು ಕಷ್ಟವಾಗುತ್ತಾ?” ಅಂದರೆ, “ಕೆಳಗೆ ಕೂತರೆ ಏಳೋದು ಕಷ್ಟ ಕಣಪ್ಪ, ಮಂಡಿ ಹಿಡ್ಕೊಳ್ಳುತ್ತೆ.” “ಒಬ್ಬರೇ ಬಸ್ಸು ಹತ್ತಿ ಪೇಟೆಗೆ ಹೋಗಿ ಸಾಮಾನು ತರುತ್ತೀರಾ?” ಅಂದರೆ, “ಅದೆಲ್ಲ ಬಿಟ್ಟು ಐದು ವರ್ಷ ಆಯ್ತು.” ದೊಡ್ಡಮ್ಮ ಒಬ್ಬರೇ. ಪ್ರಶ್ನೆ ಮೂರು. ಮೊದಲನೆಯದರಲ್ಲಿ ಅವರು ಆರೋಗ್ಯವಂತರು, ಉಳಿದ ಎರಡರಲ್ಲಿ ಅಲ್ಲ.

ದೇಶದ ಮಟ್ಟದಲ್ಲೂ ಹೀಗೇ ಆಗುತ್ತದೆ. 2011ರ ಜನಗಣತಿ ಅಂಗವೈಕಲ್ಯದ ಬಗ್ಗೆ ಕೇಳಿತು. ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 5 ಮಂದಿ ಲೆಕ್ಕಕ್ಕೆ ಸಿಕ್ಕರು. 2017–18ರಲ್ಲಿ ಲಾಸಿ ಎಂಬ ಸಮೀಕ್ಷೆ ನಡೆಯಿತು. 45 ದಾಟಿದವರ ಬದುಕನ್ನು ವಿವರವಾಗಿ ನೋಡುವ ದೊಡ್ಡ ಸಮೀಕ್ಷೆ ಅದು. ಸ್ನಾನ, ಊಟ, ಬಟ್ಟೆ ಹಾಕಿಕೊಳ್ಳುವುದು, ನಡೆಯುವುದು ಮುಂತಾದ ದಿನದ ಕೆಲಸಗಳಲ್ಲಿ ಒಂದಾದರೂ ಕಷ್ಟ ಅಂದವರು ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 24. ಅಡುಗೆ, ಸಾಮಾನು ತರುವುದು, ದುಡ್ಡಿನ ಲೆಕ್ಕ, ಮಾತ್ರೆ ತೆಗೆದುಕೊಳ್ಳುವುದು ಇಂಥ ಕೆಲಸಗಳಲ್ಲಿ ಒಂದಾದರೂ ಕಷ್ಟ ಅಂದವರು ಸುಮಾರು 48.

ನಮ್ಮ ಕಲ್ಪನೆಯ ಊರಿಗೆ ಈ ಮೂರು ಅಂಕಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಅರವತ್ತರವರೆಗಿನ 370 ವರ್ಷದ ನಷ್ಟವನ್ನು ಮುಟ್ಟಲಿಲ್ಲ. ನಂತರದ 1,480 ವರ್ಷಗಳಿಗೆ ಮಾತ್ರ ಬೇರೆ ಬೇರೆ ಪ್ರಮಾಣ ಕೊಟ್ಟೆ. ಶೇಕಡಾ 5 ಅಂದರೆ ಆರೋಗ್ಯವಂತ ಆಯಸ್ಸು 66.6. ಶೇಕಡಾ 24 ಅಂದರೆ 63.7. ಶೇಕಡಾ 48 ಅಂದರೆ 60.2. ಊರು ಅದೇ, ಜನ ಅದೇ, ಸಾವು ಅಷ್ಟೇ. ಪ್ರಶ್ನೆ ಬದಲಾದದ್ದಕ್ಕೆ ಆರು ವರ್ಷಕ್ಕೂ ಜಾಸ್ತಿ ವ್ಯತ್ಯಾಸ. ಹಾಗಾಗಿ ಎರಡು ದೇಶ ಅಥವಾ ಎರಡು ರಾಜ್ಯಗಳ ಆರೋಗ್ಯವಂತ ಆಯಸ್ಸನ್ನು ಯಾರಾದರೂ ಪಕ್ಕಪಕ್ಕ ಇಟ್ಟರೆ, ನಾನು ಮೊದಲು ಹುಡುಕುವುದು ಅಂಕಿಯನ್ನಲ್ಲ, ಮನೆಬಾಗಿಲಲ್ಲಿ ಕೇಳಿದ ಪ್ರಶ್ನೆಯನ್ನು.

ಇದು ಕಲ್ಪನೆಯ ಊರಿನ ಮಾತಷ್ಟೇ ಅಂದುಕೊಳ್ಳಬೇಡಿ. ಯುರೋಪಿನ ಒಕ್ಕೂಟದಲ್ಲಿ ಎಲ್ಲ ದೇಶಗಳಿಗೂ ಒಂದೇ ಪ್ರಶ್ನೆ ಇದೆ: ಕನಿಷ್ಠ ಕಳೆದ ಆರು ತಿಂಗಳಿಂದ ಆರೋಗ್ಯದ ತೊಂದರೆಯ ಕಾರಣ ಎಲ್ಲರೂ ಮಾಡುವ ಕೆಲಸಗಳನ್ನು ಮಾಡಲು ನಿಮಗೆ ಎಷ್ಟು ಅಡ್ಡಿಯಾಗಿದೆ? ಬಹಳ, ಸ್ವಲ್ಪ, ಇಲ್ಲವೇ ಇಲ್ಲ. ಆದರೆ ಪ್ರತಿ ದೇಶವೂ ಅದನ್ನು ತನ್ನ ಭಾಷೆಗೆ ತಂದುಕೊಳ್ಳಬೇಕು. ಜರ್ಮನಿಯಲ್ಲಿ 2014ರಿಂದ 2015ಕ್ಕೆ ಬರುವಷ್ಟರಲ್ಲಿ ಈ ಅಳತೆ ಹತ್ತು ವರ್ಷದಷ್ಟು ಮೇಲೆ ಹಾರಿತು. ಒಂದೇ ವರ್ಷದಲ್ಲಿ ಒಂದು ದೇಶದ ಜನ ಹಾಗೆ ಗುಣವಾಗಲು ಸಾಧ್ಯವಿಲ್ಲ, ಅಲ್ವಾ? ಅಲ್ಲಿ ಆದದ್ದು ಪ್ರಶ್ನೆ ಕೇಳುವ ರೀತಿಯ ಬದಲಾವಣೆ. ಸಾವಿನ ಪ್ರಮಾಣ ಹೆಚ್ಚು ಅಲುಗಾಡದೆ, ಆರೋಗ್ಯವಂತ ಆಯಸ್ಸು ಮಾತ್ರ ಒಂದೆರಡು ವರ್ಷದಲ್ಲಿ ಜಿಗಿದರೆ ಅಥವಾ ಕುಸಿದರೆ ಮೊದಲು ಪ್ರಶ್ನಾವಳಿಯನ್ನೇ ಅನುಮಾನಿಸಬೇಕು. ಈ ಅಳತೆ ಸಹಜವಾಗಿ ನಿಧಾನವಾಗಿ ಬದಲಾಗುತ್ತದೆ. ಯಾಕೆಂದರೆ ಇವತ್ತು ಕುಂಟುತ್ತಿರುವವರಲ್ಲಿ ಮೂವತ್ತು ವರ್ಷದ ಹಿಂದೆ ಪೋಲಿಯೊ ತಗುಲಿದವರೂ ಇರುತ್ತಾರೆ. ಹಳೆಯ ಕಾಯಿಲೆಯ ನೆರಳು ಇವತ್ತಿನ ಅಂಕಿಯ ಮೇಲೆ ಬಿದ್ದಿರುತ್ತದೆ.

ಪ್ರಶ್ನೆ ಒಂದೇ ಆಗಿದ್ದರೂ ಉತ್ತರ ಕೊಡುವವರು ಒಂದೇ ಅಲ್ಲ. 2002ರಲ್ಲಿ ಅಮರ್ತ್ಯ ಸೇನ್ ಇದನ್ನು ಕೇರಳ ಮತ್ತು ಬಿಹಾರದ ಹೋಲಿಕೆಯಿಂದ ತೋರಿಸಿದರು. ಆಗ ಕೇರಳದ ಜನರ ಆಯಸ್ಸು ದೇಶದಲ್ಲೇ ಜಾಸ್ತಿ ಇತ್ತು. ಆದರೆ “ನಿಮಗೆ ಕಾಯಿಲೆ ಇದೆಯಾ” ಅಂತ ಕೇಳಿದರೆ ಹೌದು ಅನ್ನುವವರೂ ಅಲ್ಲೇ ಜಾಸ್ತಿ. ಆಯಸ್ಸು ಕಮ್ಮಿ ಇರುವ ಬಿಹಾರದಲ್ಲಿ ಹೌದು ಅನ್ನುವವರು ಕಮ್ಮಿ. ಅಮೆರಿಕದವರು ಕೇರಳದವರಿಗಿಂತಲೂ ಜಾಸ್ತಿ ಕಾಯಿಲೆ ಹೇಳಿಕೊಳ್ಳುತ್ತಾರೆ. ಓದು ಬಂದವರಿಗೆ, ಹತ್ತಿರದಲ್ಲಿ ಆಸ್ಪತ್ರೆ ಇರುವವರಿಗೆ ತಮ್ಮ ಬಿಪಿ ಎಷ್ಟು, ಸಕ್ಕರೆ ಎಷ್ಟು ಅಂತ ಗೊತ್ತಿರುತ್ತದೆ. ಡಾಕ್ಟರನ್ನೇ ಕಾಣದ ಊರಿನಲ್ಲಿ ಕಾಯಿಲೆಗೆ ಹೆಸರೇ ಇರುವುದಿಲ್ಲ. ಅದು “ವಯಸ್ಸಾಯ್ತಲ್ಲ, ಇರೋದೇ” ಆಗಿಬಿಡುತ್ತದೆ. ಜನರ ಬಾಯಿಮಾತನ್ನೇ ನಂಬಿ ಲೆಕ್ಕ ಹಾಕಿದರೆ ಬಿಹಾರದ ಆರೋಗ್ಯ ಇರುವುದಕ್ಕಿಂತ ಚೆನ್ನಾಗಿ ಕಂಡೀತು. ಅಲ್ಲಿಗೆ ಹೋಗಬೇಕಾದ ಹಣ ಬೇರೆಡೆಗೆ ಹೋದೀತು. ನನಗೆ ಈ ಲೆಕ್ಕದಲ್ಲಿ ಅತ್ಯಂತ ನೋವು ಕೊಡುವ ದೋಷ ಇದು. ಕಷ್ಟಕ್ಕೆ ಒಗ್ಗಿಹೋದವರೇ ಮತ್ತೆ ನಷ್ಟ ಅನುಭವಿಸುತ್ತಾರೆ.

ಇನ್ನು ಮೊದಲಿಗೆ ಹೇಳಿದ 60.3 ಹೇಗೆ ಬಂತು? ಅದು ಹೌದು–ಅಲ್ಲ ಎಂಬ ಪ್ರಶ್ನೆಯಿಂದ ಬಂದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹೇಲ್ ಅನ್ನುತ್ತದೆ. ಲೆಕ್ಕದ ಚೌಕಟ್ಟು ಸಲ್ಲಿವನ್ನರದೇ. ಆದರೆ ಆರೋಗ್ಯವಂತ, ಅನಾರೋಗ್ಯವಂತ ಅಂತ ಎರಡೇ ಪಾಲು ಮಾಡುವ ಬದಲು ಪ್ರತಿಯೊಂದು ತೊಂದರೆಗೂ ಸೊನ್ನೆಯಿಂದ ಒಂದರ ನಡುವೆ ಒಂದು ತೂಕ ಕೊಡುತ್ತಾರೆ. ಸೊನ್ನೆ ಅಂದರೆ ಪೂರ್ಣ ಆರೋಗ್ಯ. ಒಂದು ಅಂದರೆ ಸಾವಿಗೆ ಸಮ. ಜಾಗತಿಕ ರೋಗಭಾರದ ಅಧ್ಯಯನದಲ್ಲಿ ಮಧ್ಯಮ ಮಟ್ಟದ ರಕ್ತಹೀನತೆಯ ತೂಕ 0.052, ಕುರುಡುತನದ್ದು 0.187, ಉಲ್ಬಣಗೊಂಡ ಸ್ಕಿಜೋಫ್ರೀನಿಯಾದ್ದು 0.778. ಮಧ್ಯಮ ರಕ್ತಹೀನತೆ ಇರುವ ನೂರು ಹೆಂಗಸರು ಒಂದು ವರ್ಷ ಕಳೆದರೆ, ಲೆಕ್ಕದಲ್ಲಿ ಸುಮಾರು ಐದು ವರ್ಷ ಕಳೆದುಹೋದಂತೆ.

ಈ ತೂಕ ಯಾರು ತೂಗಿದರು? ಆ ಅಧ್ಯಯನದ 2010ರ ಸುತ್ತಿನಲ್ಲಿ ಬಾಂಗ್ಲಾದೇಶ, ಇಂಡೋನೇಷ್ಯಾ, ಪೆರು, ತಾಂಜಾನಿಯಾ, ಅಮೆರಿಕಗಳ ಜನಸಾಮಾನ್ಯರನ್ನು ಕೇಳಿದರು. ಇಂಟರ್ನೆಟ್ಟಿನ ಮೂಲಕ ಬೇರೆಯವರನ್ನೂ ಸೇರಿಸಿಕೊಂಡರು. ಒಟ್ಟು ಸುಮಾರು 30,000 ಜನ. ಪ್ರಶ್ನೆ ಸರಳ. ಇಬ್ಬರು ವ್ಯಕ್ತಿಗಳ ತೊಂದರೆಯನ್ನು ಎರಡು ಮಾತಿನಲ್ಲಿ ವಿವರಿಸಿ, ಇವರಲ್ಲಿ ಯಾರು ಹೆಚ್ಚು ಆರೋಗ್ಯವಂತರು ಅಂತ ಕೇಳುವುದು. ಇಂಥ ಸಾವಿರಾರು ಜೋಡಿಗಳ ಉತ್ತರದಿಂದ ತೂಕ ಹೊರಟಿತು.

ಆದರೆ ‘ಆರೋಗ್ಯ’ ಎಂಬ ಪದವೇ ಇಲ್ಲಿ ಕೆಲಸ ಮಾಡಿತು. ಇದಕ್ಕೂ ಹಿಂದಿನ ಲೆಕ್ಕಗಳಲ್ಲಿ ಕುರುಡುತನಕ್ಕೆ ಸುಮಾರು 0.6ರಷ್ಟು ತೂಕ ಇತ್ತು. ಹೊಸ ಪ್ರಶ್ನೆಯಲ್ಲಿ ಅದು 0.2ಕ್ಕಿಂತ ಕೆಳಗೆ ಬಂತು. ಕಣ್ಣು ಕಾಣದವರು ಕಾಯಿಲೆಯವರಲ್ಲ, ಮೈ ಗಟ್ಟಿಯಾಗಿದೆ ಅಂತ ಜನ ಉತ್ತರಿಸಿರಬಹುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಫುಟ್‌ಪಾತೇ ಇಲ್ಲದ ರಸ್ತೆಯಲ್ಲಿ ಕಣ್ಣು ಕಾಣದವರು ಪಡುವ ಪಾಡು ಈ ತೂಕದಲ್ಲಿ ಇಲ್ಲ. ಈ ಅಳತೆ ದೇಹದ ನಷ್ಟವನ್ನು ತೂಗುತ್ತದೆ, ಬದುಕಿನ ಕಷ್ಟವನ್ನಲ್ಲ. ಎರಡನ್ನೂ ಒಂದೇ ಅಂದುಕೊಂಡು ಓದಬಾರದು.

ಇಷ್ಟೆಲ್ಲ ಮಿತಿ ಇದ್ದರೂ ಹೇಲ್ ಒಂದು ದೊಡ್ಡ ಸಂಗತಿಯನ್ನು ಎದುರಿಗೆ ತಂದಿಡುತ್ತದೆ. ಅದೇ 2019ರ ಲೆಕ್ಕದಲ್ಲಿ ಭಾರತದ ಗಂಡಸರ ಆಯಸ್ಸು 69.5, ಹೆಂಗಸರದ್ದು 72.2. ಹೆಂಗಸರು 2.7 ವರ್ಷ ಮುಂದೆ. ಆರೋಗ್ಯವಂತ ಆಯಸ್ಸಿಗೆ ಬಂದರೆ ಗಂಡಸರದ್ದು 60.3, ಹೆಂಗಸರದ್ದು 60.4. ಮುಂದಿದ್ದ ಎರಡೂ ಚಿಲ್ಲರೆ ವರ್ಷ ಹತ್ತಿರ ಹತ್ತಿರ ಪೂರ್ತಿ ಕರಗಿಹೋಯಿತು. ಬರೀ ಸಾವಿನ ಲೆಕ್ಕ ನೋಡಿದವರು ಹೆಂಗಸರ ಆರೋಗ್ಯ ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಕೊಲ್ಲದ, ಆದರೆ ಬಿಡದ ತೊಂದರೆಗಳು ಹೆಂಗಸರಲ್ಲಿ ಜಾಸ್ತಿ: ಬೆನ್ನುನೋವು, ತಲೆನೋವು, ಖಿನ್ನತೆ, ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ನಮ್ಮ ಕರ್ನಾಟಕದಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು. ಇದರಿಂದ ಸಾಯುವವರು ಕಮ್ಮಿ. ಹಾಗಾಗಿ ಲೈಫ್ ಟೇಬಲ್ಲಿಗೆ ಇದು ಕಾಣುವುದೇ ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮೂವತ್ತರ ಹೆಂಗಸು ಅಲ್ಲಿ ಪೂರ್ಣ ಆರೋಗ್ಯವಂತೆ.

ಇಲ್ಲಿಯವರೆಗೆ ಎರಡನ್ನು ಬೆರೆಸಿದ್ದಾಯಿತು, ಸಾವು ಮತ್ತು ತೊಂದರೆ. ಎರಡೂ ವರ್ಷಗಳಲ್ಲೇ ಇರುವುದರಿಂದ ಬೆರಕೆಗೆ ಅರ್ಥ ಇತ್ತು. ಇನ್ನೂ ಮುಂದೆ ಹೋಗಿ ಹಣ, ಸೇವೆ, ಸಮಾನತೆ ಎಲ್ಲವನ್ನೂ ಒಂದೇ ಅಂಕಿಯಲ್ಲಿ ಹಿಡಿಯಲು ಹೋದರೆ ಏನಾಗುತ್ತದೆ? ಅದಕ್ಕೆ 2000ದ ಇಸವಿಯ ಒಂದು ದೊಡ್ಡ ಪ್ರಯೋಗ ಇದೆ.

ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆ 191 ದೇಶಗಳ ಆರೋಗ್ಯ ವ್ಯವಸ್ಥೆಗೆ ರ‍್ಯಾಂಕ್ ಕೊಟ್ಟಿತು. ಫ್ರಾನ್ಸ್ ಮೊದಲು, ಇಟಲಿ ಎರಡನೆಯದು. ಒಮಾನ್ 8, ಅಮೆರಿಕ 37, ಭಾರತ 112. ಪತ್ರಿಕೆಗಳೆಲ್ಲ ಬರೆದವು. ಅಮೆರಿಕದ ರಾಜಕೀಯದಲ್ಲಿ ಆ 37 ಎಂಬ ಅಂಕಿ ವರ್ಷಗಟ್ಟಲೆ ಓಡಾಡಿತು.

ಒಳಗೆ ಐದು ಅಂಶಗಳಿದ್ದವು. ಆರೋಗ್ಯವಂತ ಆಯಸ್ಸಿಗೆ ಶೇಕಡಾ 25. ಎಳೆ ಮಕ್ಕಳ ಉಳಿವಿನಲ್ಲಿ ಇರುವ ತಾರತಮ್ಯಕ್ಕೆ 25. ಖರ್ಚಿನ ಹೊರೆ ಬಡವ–ಬಲ್ಲಿದರ ನಡುವೆ ನ್ಯಾಯವಾಗಿ ಹಂಚಿದೆಯೇ ಎಂಬುದಕ್ಕೆ 25. ಆಸ್ಪತ್ರೆಗಳು ಜನರನ್ನು ಗೌರವದಿಂದ, ಬೇಗ ನೋಡಿಕೊಳ್ಳುತ್ತವೆಯೇ ಎಂಬುದಕ್ಕೆ ಹನ್ನೆರಡೂವರೆ. ಆ ಗೌರವ ಎಲ್ಲರಿಗೂ ಸಮನಾಗಿ ಸಿಗುತ್ತದೆಯೇ ಎಂಬುದಕ್ಕೆ ಇನ್ನೊಂದು ಹನ್ನೆರಡೂವರೆ. ಈ ಪಾಲುಗಳನ್ನು ಸುಮಾರು ಸಾವಿರ ಜನರ ಅಭಿಪ್ರಾಯ ಕೇಳಿ ನಿರ್ಧರಿಸಿದರು. ಅವರಲ್ಲಿ ಅರ್ಧದಷ್ಟು ಮಂದಿ ಸಂಸ್ಥೆಯ ಸಿಬ್ಬಂದಿಯೇ.

ಪಾಲು ಬದಲಾದರೆ ರ‍್ಯಾಂಕ್ ಹೇಗೆ ಮಗುಚುತ್ತದೆ ನೋಡಿ. ಬೇರೆ ಎರಡು ಊರುಗಳನ್ನು ಕಲ್ಪಿಸಿಕೊಳ್ಳಿ. ಮೊದಲ ಊರಿಗೆ ಆಯಸ್ಸಿನಲ್ಲಿ 80 ಅಂಕ, ಖರ್ಚಿನ ನ್ಯಾಯದಲ್ಲಿ 40. ಎರಡನೆಯ ಊರಿಗೆ 60 ಮತ್ತು 65. ಅರ್ಧ–ಅರ್ಧ ಪಾಲು ಕೊಟ್ಟರೆ ಮೊದಲನೆಯದಕ್ಕೆ 60, ಎರಡನೆಯದಕ್ಕೆ 62.5. ಎರಡನೆಯದು ಗೆದ್ದಿತು. ಆಯಸ್ಸಿಗೆ 70, ಖರ್ಚಿಗೆ 30 ಪಾಲು ಕೊಡಿ. ಈಗ ಮೊದಲನೆಯದಕ್ಕೆ 68, ಎರಡನೆಯದಕ್ಕೆ 61.5. ಎರಡು ಊರಿನಲ್ಲೂ ಒಂದು ಹುಲ್ಲುಕಡ್ಡಿ ಅಲುಗಲಿಲ್ಲ. ಯಾವುದು ಮುಖ್ಯ ಅನ್ನುವ ನಮ್ಮ ನಿರ್ಧಾರ ಅಲುಗಿತು ಅಷ್ಟೇ. ಆಯಸ್ಸಿನ ವರ್ಷಕ್ಕೂ ಖರ್ಚಿನ ನ್ಯಾಯಕ್ಕೂ ವಿನಿಮಯ ದರ ಪ್ರಕೃತಿಯಲ್ಲಿ ಇಲ್ಲ. ಅದನ್ನು ಯಾರೋ ಕೂತು ಬರೆಯಬೇಕು.

ರ‍್ಯಾಂಕ್ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಐದನ್ನೂ ಕೂಡಿದ ಅಂಕಿಯನ್ನು ನೇರವಾಗಿ ಸಾಲಿಗೆ ನಿಲ್ಲಿಸಲಿಲ್ಲ. ಆ ದೇಶ ಮಾಡುವ ಖರ್ಚಿಗೆ, ಅಲ್ಲಿನ ಓದಿನ ಮಟ್ಟಕ್ಕೆ ಎಷ್ಟು ಸಾಧಿಸಬಹುದಿತ್ತು, ಅದರಲ್ಲಿ ಎಷ್ಟು ಸಾಧಿಸಿತು ಅಂತ ನೋಡಿದರು. ಭಾರತ ಆರೋಗ್ಯವಂತ ಆಯಸ್ಸಿನಲ್ಲಿ 134ನೆಯ ಸ್ಥಾನದಲ್ಲಿದ್ದೂ ಒಟ್ಟು ಪಟ್ಟಿಯಲ್ಲಿ 112ಕ್ಕೆ ಏರಿದ್ದು ಹೀಗೆ. ಕಮ್ಮಿ ದುಡ್ಡಿಗೆ ಅಷ್ಟು ಮಾಡಿದ್ದಕ್ಕೆ ಸ್ವಲ್ಪ ಮಾರ್ಕು ಸಿಕ್ಕಿತು. ಅಮೆರಿಕ ಆರೋಗ್ಯವಂತ ಆಯಸ್ಸಿನಲ್ಲಿ 24, ಜನರನ್ನು ನೋಡಿಕೊಳ್ಳುವುದರಲ್ಲಿ ಒಂದನೆಯದು, ಖರ್ಚಿನಲ್ಲೂ ಒಂದನೆಯದು. ಅಷ್ಟು ಸುರಿದೂ ಅಷ್ಟೇ ಆಯಿತಲ್ಲ ಎಂದು 37ಕ್ಕೆ ಇಳಿಯಿತು. 37 ಎಂಬ ಒಂದು ಅಂಕಿಯಿಂದ ಇದೆಲ್ಲ ಓದುಗರಿಗೆ ತಿಳಿಯುವ ಹಾಗಿರಲಿಲ್ಲ.

ನಿಜವಾದ ಪೆಟ್ಟು ಬಂದದ್ದು ಇನ್ನೊಂದು ಕಡೆಯಿಂದ. ಆಸ್ಪತ್ರೆಗಳ ನಡವಳಿಕೆಯ ಬಗ್ಗೆ ಮಾಹಿತಿ ಸಂಗ್ರಹಿಸಿದ್ದು 35 ದೇಶಗಳಲ್ಲಿ ಮಾತ್ರ. ಅದೂ ರೋಗಿಗಳಿಂದಲ್ಲ, ಆಯ್ದ ಬಲ್ಲವರಿಂದ. ಉಳಿದ ದೇಶಗಳಿಗೆ ಬೇರೆ ಅಂಕಿಗಳ ಆಧಾರದಲ್ಲಿ ಅಂದಾಜು ತುಂಬಿದರು. ಆ ವರದಿಯ ಸಂಪಾದಕರಾಗಿದ್ದ ಫಿಲಿಪ್ ಮಸ್‌ಗ್ರೋವ್ 2003ರಲ್ಲಿ ತಾವೇ ಬಹಿರಂಗವಾಗಿ ಬರೆದರು. ರ‍್ಯಾಂಕಿಗೆ ಬಳಸಿದ ಅಂಕಿಗಳಲ್ಲಿ ಶೇಕಡಾ 61ರಷ್ಟು ಹೀಗೆ ತುಂಬಿದವು, ಅಳೆದವಲ್ಲ ಎಂದರು. ತಾನು ಹೊರತಂದ ವರದಿಯ ಬಗ್ಗೆ ಹಾಗೆ ಬರೆಯಲು ಗಟ್ಟಿ ಮನಸ್ಸು ಬೇಕು. ಆ ರ‍್ಯಾಂಕಿಂಗ್ ಮತ್ತೆ ಬರಲಿಲ್ಲ. ಅದರೊಳಗಿದ್ದ ಆರೋಗ್ಯವಂತ ಆಯಸ್ಸು ಮಾತ್ರ ಉಳಿಯಿತು, ಇವತ್ತಿಗೂ ಪ್ರಕಟವಾಗುತ್ತಿದೆ.

ಹಾಗಾದರೆ ಈ ಅಳತೆಯನ್ನು ಚೆನ್ನಾಗಿ ಬಳಸುವುದು ಹೇಗಿರುತ್ತದೆ? ನನಗೆ ಇಷ್ಟವಾದ ಉದಾಹರಣೆ ಜಪಾನ್. ಅಲ್ಲಿನ ಸರ್ಕಾರ ಮೂರು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಒಂದು ಪ್ರಶ್ನೆ ಕೇಳುತ್ತದೆ: ಆರೋಗ್ಯದ ಕಾರಣದಿಂದ ನಿಮ್ಮ ದಿನನಿತ್ಯದ ಬದುಕಿಗೆ ಈಗ ಏನಾದರೂ ಅಡ್ಡಿಯಿದೆಯೇ? ಉತ್ತರವನ್ನು ಸಲ್ಲಿವನ್ ವಿಧಾನಕ್ಕೆ ಹಾಕುತ್ತಾರೆ. ಬೇರೆ ದೇಶದ ಅಂಕಿಯ ಜೊತೆ ಹೋಲಿಸಲು ಇದು ಅಷ್ಟು ಸರಿಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹೇಲ್ ಲೆಕ್ಕದಲ್ಲಿ ಜಪಾನಿನ ಅಂಕಿ ಬೇರೆಯೇ ಇರುತ್ತದೆ. ಆದರೆ ಪ್ರಶ್ನೆ ಬದಲಾಗದೆ ಇರುವುದರಿಂದ ತಮ್ಮದೇ ಹಿಂದಿನ ವರ್ಷಗಳ ಜೊತೆ ಧೈರ್ಯವಾಗಿ ಹೋಲಿಸಬಹುದು.

ಹೋಲಿಸಿದರೆ ಒಂದು ಹಳೆಯ ವಾದಕ್ಕೆ ಉತ್ತರ ಸಿಗುತ್ತದೆ. 1977ರಲ್ಲಿ ಅರ್ನೆಸ್ಟ್ ಗ್ರೂಯೆನ್‌ಬರ್ಗ್ ಎಂಬ ವೈದ್ಯರು, ಔಷಧಗಳು ಸಾವನ್ನು ಮುಂದೂಡುತ್ತವೆ, ಕಾಯಿಲೆಯನ್ನಲ್ಲ, ಹಾಗಾಗಿ ಜನ ಕಾಯಿಲೆಯಲ್ಲೇ ಜಾಸ್ತಿ ಕಾಲ ನರಳುತ್ತಾರೆ ಅಂದಿದ್ದರು. 1980ರಲ್ಲಿ ಜೇಮ್ಸ್ ಫ್ರೈಸ್ ಎಂಬ ಇನ್ನೊಬ್ಬ ವೈದ್ಯರು ಇದಕ್ಕೆ ವಿರುದ್ಧ ಹೇಳಿದರು. ಒಳ್ಳೆಯ ಅಭ್ಯಾಸಗಳಿಂದ ಕಾಯಿಲೆ ಶುರುವಾಗುವುದೇ ತಡವಾಗುತ್ತದೆ, ನರಳುವ ಕಾಲ ಕುಗ್ಗುತ್ತದೆ ಅಂದರು. ಸಾವಿನ ಲೆಕ್ಕವೊಂದರಿಂದಲೇ ಇದನ್ನು ತೀರ್ಮಾನಿಸಲು ಸಾಧ್ಯವಿಲ್ಲ. ಆಯಸ್ಸು, ಆರೋಗ್ಯವಂತ ಆಯಸ್ಸು ಎಂಬ ಎರಡು ಗೆರೆಗಳ ನಡುವಿನ ಅಂತರ ಹಿಗ್ಗುತ್ತಿದೆಯೇ, ಕುಗ್ಗುತ್ತಿದೆಯೇ ಅಂತ ವರ್ಷಗಟ್ಟಲೆ ನೋಡಬೇಕು.

ಜಪಾನಿನಲ್ಲಿ 2001ರಲ್ಲಿ ಗಂಡಸರ ಆಯಸ್ಸು 78.07, ಆರೋಗ್ಯವಂತ ಆಯಸ್ಸು 69.40. 2019ಕ್ಕೆ 81.41 ಮತ್ತು 72.68. ಎರಡೂ ಮೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಏರಿವೆ. ಅಂತರ ಮೊದಲು 8.67 ಇತ್ತು, 2019ಕ್ಕೆ 8.73. ಹೆಂಗಸರಲ್ಲಿ ಅದು ಹನ್ನೆರಡೂ ಕಾಲು ವರ್ಷದಿಂದ ಹನ್ನೆರಡಕ್ಕೆ ಇಳಿದಿದೆ. ಅಂದರೆ ಹದಿನೆಂಟು ವರ್ಷದಲ್ಲಿ ಕಾಯಿಲೆ ಹಿಗ್ಗಲೂ ಇಲ್ಲ, ಹೆಚ್ಚು ಕುಗ್ಗಲೂ ಇಲ್ಲ. ಸಾವು ಎಷ್ಟು ದೂರ ಹೋಯಿತೋ ತೊಂದರೆಯೂ ಅಷ್ಟೇ ದೂರ ಹೋಗಿ ನಿಂತಿದೆ. ಒಂದು ಎಚ್ಚರಿಕೆ ಮಾತ್ರ ಇದೆ. ಈ ಸಮೀಕ್ಷೆ ಮನೆಗಳಿಗೆ ಹೋಗುತ್ತದೆ. ಆಸ್ಪತ್ರೆಯಲ್ಲಿ, ವೃದ್ಧರ ಆರೈಕೆ ಕೇಂದ್ರಗಳಲ್ಲಿ ಮಲಗಿರುವವರನ್ನು ಅದು ಕೇಳುವುದಿಲ್ಲ.

ಚಿಕ್ಕಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ನಮ್ಮೂರಿಗೆ ಹೀಗೆ ಕೇಳೋಕೆ ಬಂದರೆ, ನಿನ್ನ ದೊಡ್ಡಮ್ಮ ಏನು ಹೇಳ್ತಾಳೆ ಅಂತೀಯಾ?”